ಕರಿ ಒಂದು ಬಿಟ್ಟರೆ ಗತಿಯಿಲ್ಲ: ಒಂದು ಪೇಟಿ ಕೋರ್ಸಿನ ಪ್ರಕರಣ

ಕಳೆದ ಶ್ರಾವಣದ ಒಂದು ಸೋಮವಾರ ರಾತ್ರಿ, ಹುಬ್ಬಳ್ಳಿಯ ಉಣಕಲ್ ಕಡೆಯ ಒಂದು ಗುಡಿಯಲ್ಲಿ ಭಜನೆ ನಡೆದಿತ್ತು. ದಿನಾ ಪೇಟಿ ಹಿಡಿಯುವವರು ಊರಲ್ಲಿರಲಿಲ್ಲ. ಅವರ ಜಾಗಕ್ಕೆ ಮೋಟಾರ್ ವೈಂಡಿಂಗ್ ಅಂಗಡಿಯವರೊಬ್ಬರು ಕೂತಿದ್ದರು. ವಯಸ್ಸು ಮೂವತ್ತೆಂಟು. ಒಂದೂವರೆ ವರ್ಷದಿಂದ ಮೊಬೈಲಿನಲ್ಲಿ ಹಾರ್ಮೋನಿಯಂ ಕಲಿತಿದ್ದಾರೆ, ಮೂವತ್ತೆರಡು ಹಾಡು ಬರುತ್ತವೆ ಎಂದು ಮೇಳದವರೇ ಹೆಮ್ಮೆಯಿಂದ ಹೇಳಿದ್ದರು. ನಾನು ಧಾರವಾಡದಿಂದ ಬೇರೆ ಕೆಲಸಕ್ಕೆ ಬಂದವನು, ಕಂಬಕ್ಕೆ ಒರಗಿ ಕೂತಿದ್ದೆ.

ಮೊದಲ ಹಾಡು ಅವರಿಗೆ ಚೆನ್ನಾಗಿ ಬರುವುದೇ ಆಗಿತ್ತು. ಆದರೆ ಹಾಡುವವರು ಆ ದಿನ ಶ್ರುತಿಯನ್ನು ಕರಿ ಒಂದರ ಬದಲು ಬಿಳಿ ಎರಡಕ್ಕೆ ಹಿಡಿದರು. ಕರಿ ಒಂದು ಅಂದರೆ ಪೇಟಿಯ ಸಪ್ತಕದ ಮೊದಲ ಕಪ್ಪು ಮನೆ, ಬಿಳಿ ಎರಡು ಅಂದರೆ ಎರಡನೇ ಬಿಳಿ ಮನೆ; ಇವೆರಡರ ನಡುವೆ ಇರುವುದು ಒಂದೇ ಮನೆಯ ದೂರ. ಅಷ್ಟಕ್ಕೇ ಇವರ ಬೆರಳು ನಿಂತುಹೋದವು. ಎರಡನೇ ಹಾಡಿಗೆ ಮೇಳದವರು ಇವರ ಸಲುವಾಗಿ ಕರಿ ಒಂದಕ್ಕೇ ಇಳಿದರು. ಆಗ ತಬಲಾ ಶುರುವಾಯಿತು, ಎರಡನೇ ಸಾಲಿಗೆ ಬರುವಷ್ಟರಲ್ಲಿ ಪೇಟಿ ಒಂದು ಕಡೆ, ತಬಲಾ ಒಂದು ಕಡೆ. ಮೂರನೇ ಹಾಡಿಗೆ ಅವರು ಬರೀ ಸಾ ಒತ್ತಿ ಹಿಡಿದು ಕೂತರು.

ಮಂಗಳಾರತಿ ಮುಗಿದ ಮೇಲೆ ಹತ್ತಿರ ಬಂದು, "ಸರ, ನಂದು ಕೋರ್ಸು ನೂರಕ್ಕೆ ನೂರು ಮುಗದೈತ್ರಿ. ಸರ್ಟಿಫಿಕೇಟ್ ಸೈತ ಬಂದೈತಿ. ತಬಲಾದಾಂವ ಶುರು ಮಾಡಿದ್ರ ಎಲ್ಲಿ ಹೋಗ್ತೇನೋ ನನಗs ತಿಳಿಯಂಗಿಲ್ರಿ" ಅಂದರು. ತಪ್ಪು ತಮ್ಮದೋ ಕೋರ್ಸಿನದೋ ಎಂದು ಅವರಿಗೆ ತಿಳಿಯಬೇಕಿತ್ತು. ನನಗೂ ತಿಳಿಯಬೇಕಿತ್ತು, ಏಕೆಂದರೆ ಇಂಥವರು ಈಗ ವರ್ಷಕ್ಕೆ ನಾಲ್ಕೈದು ಜನ ನನ್ನ ಮನೆಗೆ ಬರುತ್ತಾರೆ. ಮುಂದಿನ ರವಿವಾರ ಪೇಟಿ ತಗೊಂಡು ಬರ್ರಿ ಅಂದೆ.

ಮನೆಯಲ್ಲಿ ಮೊದಲು ಅವರು ಹೇಗೆ ಅಭ್ಯಾಸ ಮಾಡುತ್ತಾರೋ ಹಾಗೆಯೇ ನುಡಿಸಲು ಹೇಳಿದೆ. ಮೊಬೈಲನ್ನು ಪೇಟಿಯ ಮೇಲೆ ನಿಲ್ಲಿಸಿದರು, ವಿಡಿಯೊ ಹಚ್ಚಿದರು. ಪರದೆಯಲ್ಲಿ ಮೇಲಿನಿಂದ ತೆಗೆದ ಪೇಟಿಯ ಚಿತ್ರ, ಒತ್ತಬೇಕಾದ ಮನೆ ಬಣ್ಣ ಬದಲಿಸುತ್ತದೆ, ಕೆಳಗೆ ಸ್ವರದ ಅಕ್ಷರ ಓಡುತ್ತದೆ. ಕೋರ್ಸಿನವರ ಪೇಟಿ, ಇವರ ಪೇಟಿ ಎರಡೂ ಸೇರಿ ಕೇಳಿದಾಗ ನಿಜಕ್ಕೂ ಚೆನ್ನಾಗಿತ್ತು. ನನಗೂ ಒಂದು ಕ್ಷಣ, ಇವರಿಗೆ ಬರುತ್ತದಲ್ಲ ಅನ್ನಿಸಿತು.

ಆಮೇಲೆ ಒಂದು ಸಣ್ಣ ಬದಲಾವಣೆ ಮಾಡಿದೆ. ಅವರ ಮೊಬೈಲಿಗೆ ಇಯರ್‌ಫೋನ್ ಹಾಕಿಸಿದೆ, ಕೋರ್ಸಿನ ದನಿ ಅವರ ಕಿವಿಗಷ್ಟೇ ಕೇಳಬೇಕು. ನನ್ನ ಮೊಬೈಲನ್ನು ಪೇಟಿಯ ಹತ್ತಿರ ಇಟ್ಟು ರೆಕಾರ್ಡ್ ಒತ್ತಿದೆ. ಅದೇ ಹಾಡು, ಅದೇ ವಿಡಿಯೊ. ಈಗ ರೆಕಾರ್ಡಿನಲ್ಲಿ ಉಳಿದದ್ದು ಅವರ ಪೇಟಿಯೊಂದೇ. ಹಾಕಿ ಕೇಳಿಸಿದಾಗ ಅವರೇ ಬಾಯಿ ತೆರೆದು ಕೂತರು. ಪ್ರತಿ ಸ್ವರವೂ ಎಳೆದುಕೊಂಡು ಬಂದಿತ್ತು. ಪರದೆಯಲ್ಲಿ ಮನೆ ಬಣ್ಣ ಬದಲಿಸಿದ ಮೇಲೆ ಕಣ್ಣು ಅದನ್ನು ನೋಡಿ, ಬೆರಳು ಅಲ್ಲಿಗೆ ಹೋಗಿ, ಆಮೇಲೆ ನಾದ ಹೊರಡುತ್ತಿತ್ತು. ಜೊತೆಗೆ ನುಡಿಸುವಾಗ ಗುರುವಿನ ನಾದ ಮೊದಲು ಬಂದು ಆ ಸಂದನ್ನೆಲ್ಲ ಮುಚ್ಚಿಬಿಡುತ್ತಿತ್ತು. ಹದಿನೆಂಟು ತಿಂಗಳು ಅವರು ಕೇಳಿಕೊಂಡದ್ದು ತಮ್ಮ ಪೇಟಿಯನ್ನಲ್ಲ.

ವಿಡಿಯೊ ಕೋರ್ಸಿನಲ್ಲಿ ಕಲಿಯುವ ಯಾರಿಗಾದರೂ ನಾನು ಮೊದಲು ಹೇಳುವ ಪರೀಕ್ಷೆ ಇದೇ. ಖರ್ಚಿಲ್ಲ, ಗುರು ಬೇಕಿಲ್ಲ. ಒಂದು ಇಯರ್‌ಫೋನ್ ಮತ್ತು ಇನ್ನೊಂದು ಮೊಬೈಲ್ ಸಾಕು.

ಆಮೇಲೆ ಪರದೆ ಬೋರಲು ಹಾಕಿಸಿದೆ. ಹಾಡು ಬಂತು. ಅದು ಅವರ ಕಷ್ಟದ ಫಲ, ಅಲ್ಲಗಳೆಯಬಾರದು. ಆದರೆ ಸಾಲು ಸಾಲಿನ ನಡುವೆ ನಿಲುಗಡೆ ಎಡವಟ್ಟಾಗಿತ್ತು. ನಾನು ತೊಡೆಯ ಮೇಲೆ ತಾಳದ ಮಾತ್ರೆ ಎಣಿಸಿದೆ. ಎಂಟು ಮಾತ್ರೆಯ ಸಾಲಿನ ಕೊನೆಗೆ ಎರಡು ಮಾತ್ರೆ ನಿಲ್ಲಬೇಕಾದಲ್ಲಿ ಒಮ್ಮೆ ಮೂರು, ಒಮ್ಮೆ ಮೂರೂವರೆ ಆಗುತ್ತಿತ್ತು. ಕಾರಣ ಹುಡುಕಿದರೆ ಅದೂ ವಿಡಿಯೊದಲ್ಲೇ ಸಿಕ್ಕಿತು. ಕೋರ್ಸಿನವರು ಒಂದೊಂದೇ ಸಾಲು ಕಲಿಸಿ, ನಡುವೆ ಮಾತಾಡಿ, ಮುಂದಿನ ಸಾಲಿಗೆ ಹೋಗುತ್ತಾರೆ. ಇವರ ಬೆರಳು ಆ ಮಾತಿನ ಬಿಡುವನ್ನೂ ಹಾಡಿನ ಭಾಗ ಎಂದೇ ಕಲಿತಿತ್ತು! ಮೊಬೈಲಿನ ತಬಲಾ ಆ್ಯಪಿನಲ್ಲಿ ಕೆಹರವಾ ಹಚ್ಚಿದೆ, ಧಾ ಗೆ ನ ತಿ ನ ಕ ಧಿ ನ, ನಿಮಿಷಕ್ಕೆ ಎಂಬತ್ತು ಮಾತ್ರೆ, ಏನೂ ಅವಸರದ ಲಯವಲ್ಲ. ಎರಡನೇ ಆವರ್ತನಕ್ಕೇ ಸಮ್, ಅಂದರೆ ತಾಳದ ಮೊದಲ ಮಾತ್ರೆ, ತಪ್ಪಿತು. ತಪ್ಪಿದ್ದು ತಪ್ಪಲ್ಲ, ಎಲ್ಲರಿಗೂ ತಪ್ಪುತ್ತದೆ. ತಪ್ಪಿದೆ ಎಂದು ಅವರಿಗೆ ಗೊತ್ತಾಗಲಿಲ್ಲ, ನಾನು ಚಿಂತೆ ಮಾಡಿದ್ದು ಅದಕ್ಕೆ.

ಶ್ರುತಿ ಬದಲಿಸುವ ಪರೀಕ್ಷೆಗೆ ಹಾಡು ಬಿಟ್ಟು ಭೂಪ ರಾಗದ ಆರೋಹ ಅವರೋಹವನ್ನಷ್ಟೇ ಕೇಳಿದೆ. ಸಾ ರೇ ಗ ಪ ಧ, ಐದೇ ಸ್ವರ. ಕರಿ ಒಂದನ್ನು ಸಾ ಹಿಡಿದರೆ ರೇ ಕರಿ ಎರಡು, ಪ ಕರಿ ನಾಲ್ಕು, ಧ ಕರಿ ಐದು. ಗ ಒಂದೇ ಬಿಳಿ ನಾಲ್ಕಕ್ಕೆ ಬರುತ್ತದೆ. ಬಿಳಿ ಎರಡನ್ನು ಸಾ ಹಿಡಿದರೆ ಇದು ಪೂರಾ ತಿರುಗುಮುರುಗು: ಸಾ, ರೇ, ಪ, ಧ ನಾಲ್ಕೂ ಬಿಳಿ, ಗ ಒಂದೇ ಕರಿ ಮೂರು. ಕಣ್ಣಿನಿಂದ ಕಲಿತವರಿಗೆ ಇದಕ್ಕಿಂತ ದೊಡ್ಡ ಗೊಂದಲ ಬೇಕೆ? ಕಿವಿಯಿಂದ ಕಲಿತವರಿಗೆ ಇದು ಅದೇ ರಾಗ, ಒಂದು ಮನೆ ಪಕ್ಕಕ್ಕೆ. ಇವರು ಬಿಳಿ ಎರಡರಲ್ಲಿ ಸಾ ಒತ್ತಿ, ರೇ ಒತ್ತಿ, ಗಕ್ಕೆ ಬಂದಾಗ ಬಿಳಿ ನಾಲ್ಕನ್ನೇ ಒತ್ತಿದರು. ಅದು ಕೋಮಲ ಗಾಂಧಾರ, ಅಂದರೆ ಒಂದು ಮನೆ ತಗ್ಗಿದ ಗ ಆಯಿತು. ಮುಖ ಸಿಂಡರಿಸಲಿಲ್ಲ, ಮುಂದೆ ಹೋದರು. ಭೂಪದ ಶುದ್ಧ ಗಾಂಧಾರ ಅವರ ಕಿವಿಯಲ್ಲಿ ಕೂತೇ ಇರಲಿಲ್ಲ, ಪೇಟಿಯ ಮೇಲಿನ ಒಂದು ಜಾಗವಾಗಿ ಮಾತ್ರ ಇತ್ತು.

ಈ ಭಾಗದಲ್ಲಿ ಇದ್ದು ಇದನ್ನು ನೋಡುವಾಗ ಗದಗ ನೆನಪಾಗದೆ ಇರುವುದಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದರು. ಪೇಟಿಯ ಮನೆ ಬಣ್ಣ ಬದಲಿಸುವುದನ್ನು ನೋಡಿ ಕಲಿಯುವ ದಾರಿಯೇ ಅಲ್ಲಿ ಇರಲಿಲ್ಲ. ಗುರು ಹಾಡಿದ್ದನ್ನು ಶಿಷ್ಯ ಹಾಡಬೇಕು, ಹಾಡಿದ್ದನ್ನು ಬೆರಳು ಹುಡುಕಬೇಕು. ವಿಡಿಯೊ ಎಂಬುದು ಕಣ್ಣಿಗೆ ಬಡಿಸುವ ಸಾಧನ, ನಮಗೆ ಬೇಕಾದದ್ದು ಕಿವಿಯ ಊಟ. ಹಾಗಂತ ಎಲ್ಲ ವಿಡಿಯೊ ಕೋರ್ಸೂ ಒಂದೇ ಅಲ್ಲ. ಅದನ್ನೇ ನೋಡೋಣ ಎಂದು ಅವರ ಕೋರ್ಸಿನೊಳಗೆ ಇಳಿದೆ.

ಅವರು ಕೊಟ್ಟದ್ದು ನಾಲ್ಕೂವರೆ ಸಾವಿರ ರೂಪಾಯಿ, ವಿಡಿಯೊ ತೊಂಬತ್ತಾರು. ಎಲ್ಲ ನೋಡುವ ಗೋಜಿಗೆ ಹೋಗಲಿಲ್ಲ. ಮೊದಲಿನದು, ಕೊನೆಯದು, ನಡುವಿನ ನಾಲ್ಕು, ಒಟ್ಟು ಆರು ತೆಗೆದೆವು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಮೂರು ಸಂಗತಿ ಅಳೆದೆ: ಕಲಿಸುವವರು ಮಾತಾಡಿದ್ದು ಎಷ್ಟು ಹೊತ್ತು, ನುಡಿಸಿದ್ದು ಎಷ್ಟು ಹೊತ್ತು, ಕಲಿಯುವವರಿಗೆ ಬಿಟ್ಟುಕೊಟ್ಟ ಖಾಲಿ ಜಾಗ ಎಷ್ಟು. ಹದಿನಾಲ್ಕು ನಿಮಿಷದ ಒಂದು ಪಾಠದಲ್ಲಿ ಮಾತು ಆರು ನಿಮಿಷ, ನುಡಿಸಿದ್ದು ಸುಮಾರು ಏಳೂವರೆ. ಖಾಲಿ ಜಾಗ ಅರ್ಧ ನಿಮಿಷವೂ ಇಲ್ಲ. "ಈಗ ನೀವು ಅಭ್ಯಾಸ ಮಾಡಿ" ಎಂಬ ಮಾತು ಪ್ರತಿ ವಿಡಿಯೊದ ಕೊನೆಗೆ ಇದೆ, ಆದರೆ ಅಷ್ಟಕ್ಕೆ ವಿಡಿಯೊ ಮುಗಿಯುತ್ತದೆ. ಏನು ಅಭ್ಯಾಸ, ಎಷ್ಟು ಸಲ, ಯಾವ ಲಯದಲ್ಲಿ, ಬಂತು ಎಂದು ಹೇಗೆ ತಿಳಿಯಬೇಕು, ಒಂದೂ ಇಲ್ಲ.

ಇನ್ನೊಂದು ಪ್ರಶ್ನೆ ಕೇಳಿದೆ: ಎಪ್ಪತ್ತನೇ ವಿಡಿಯೊ ಕಲಿಯಲು ಇಪ್ಪತ್ತೈದನೆಯದು ಬೇಕೇ? ಅವರು ಯೋಚಿಸಿ, "ಇಲ್ಲರೀ, ಅದು ಬ್ಯಾರೇನs ಹಾಡು" ಅಂದರು. ಅಲ್ಲಿಗೆ ಗುಟ್ಟು ಬಯಲಾಯಿತು. ಅದು ಕೋರ್ಸಲ್ಲ, ಹಾಡಿನ ಅಂಗಡಿ. ತೊಂಬತ್ತಾರನ್ನೂ ಹಿಂದುಮುಂದಾಗಿ ಕಲಿತರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಕೌಶಲ ಕಟ್ಟುವ ಕೋರ್ಸಿನಲ್ಲಿ ಹತ್ತನೇ ಪಾಠದ ಪಲ್ಟೆ, ಅಂದರೆ ಅಭ್ಯಾಸದ ಸ್ವರಗುಚ್ಛ, ಮೂವತ್ತನೇ ಪಾಠದ ಹಾಡಿನೊಳಗೆ ಮತ್ತೆ ಎದುರಾಗುತ್ತದೆ, ಹತ್ತನೆಯದನ್ನು ಹಾರಿಸಿದವರು ಅಲ್ಲಿ ಮುಗ್ಗರಿಸುತ್ತಾರೆ. ಮುಗ್ಗರಿಸದಿದ್ದರೆ ಕೆಳಗೆ ಮೆಟ್ಟಿಲೇ ಇಲ್ಲವೆಂದು ಅರ್ಥ.

ಇಷ್ಟಾದರೂ ಆ ಕೋರ್ಸಿಗೆ ಹೊಗಳಿಕೆಗೇನೂ ಕೊರತೆಯಿಲ್ಲ. "ಎಷ್ಟು ಸುಲಭವಾಗಿ ಹೇಳಿಕೊಟ್ಟಿರಿ" ಎಂಬುದೇ ಬಹುತೇಕ. ಸುಲಭ ಅನ್ನಿಸಿದ್ದು ಸುಳ್ಳಲ್ಲ, ಆದರೆ ನೋಡುವಾಗಿನ ಸುಲಭ ಬೇರೆ. ಮೈಕಲ್ ಕಾರ್ಡಸ್ ಮತ್ತು ಎಡ್ ಓಬ್ರಯನ್ ಎಂಬ ಮನೋವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಹಿಡಿದು ತೋರಿಸಿದ್ದಾರೆ. ಹಲಗೆಗೆ ಗುರಿಯಿಟ್ಟು ಡಾರ್ಟ್ ಎಸೆಯುವ ವಿಡಿಯೊವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ ಇಪ್ಪತ್ತು ಸಲ ತೋರಿಸಿದರು. ಇಪ್ಪತ್ತು ಸಲ ನೋಡಿದವರಿಗೆ ತಾವು ಚೆನ್ನಾಗಿ ಎಸೆಯುತ್ತೇವೆಂಬ ಭರವಸೆ ಹೆಚ್ಚಿತು. ಎಸೆಯಲು ಕೊಟ್ಟಾಗ ಅವರ ಗುರಿ ಹೆಚ್ಚು ಸುಧಾರಿಸಿರಲಿಲ್ಲ. ವೈಂಡಿಂಗ್ ಅಂಗಡಿಯವರು ಇದನ್ನು ಕೇಳಿ ನಕ್ಕರು. "ಖರೇರಿ ಸರ. ನಮ್ಮ ಅಂಗಡ್ಯಾಗೂ ಹುಡುಗೂರು ನಾ ಕಾಯಿಲ್ ಸುತ್ತೂದು ನೋಡಿ ಬರ್ತೈತಿ ಅಂತಾರ. ಕೈಯಾಗ ತಂತಿ ಕೊಟ್ಟರ ಮೊದಲ್ನೇ ಸುತ್ತಿಗೇನs ಹರೀತಾರ."

ಬೇರೆ ಕೋರ್ಸು ನೋಡೋಣ ಎಂದಾಯಿತು. ಎರಡನ್ನು ಆರಿಸಿದೆವು, ಎರಡರಲ್ಲೂ ಮೊದಲ ಕೆಲವು ಪಾಠ ಪುಕ್ಕಟೆ ಇದ್ದವು. ಒಂದು ಬಹಳ ಚೆಂದದ್ದು: ಒಳ್ಳೆಯ ಬೆಳಕು, ನಾಲ್ಕು ಕ್ಯಾಮರಾ, ಹತ್ತು ಥಾಟ್, ವಾದಿ ಸಂವಾದಿ, ರಾಗದ ಸಮಯ, ಪಾಠದ ಕೊನೆಗೆ ಪ್ರಶ್ನೆ. ಪ್ರಶ್ನೆಗಳಿಗೆ ಬೆರಳಿನಿಂದ ಪರದೆ ಒತ್ತಿ ಉತ್ತರ ಕೊಟ್ಟರೆ ಆಯಿತು. ಭೂಪದ ವಾದಿ, ಅಂದರೆ ಮುಖ್ಯ ಸ್ವರ, ಗಾಂಧಾರ ಎಂದು ಇವರು ಸರಿಯಾಗಿ ಗುರುತಿಸಿದರು, ಹತ್ತಕ್ಕೆ ಹತ್ತು ಬಂತು. ಆ ಗಾಂಧಾರವನ್ನು ಕಿವಿಯಿಂದ ಹಿಡಿಯಲು ಬರುತ್ತದೆಯೇ ಎಂದು ಕೋರ್ಸು ಎಲ್ಲೂ ಕೇಳಲಿಲ್ಲ. ತಿಳಿವಳಿಕೆಗೆ ಒಳ್ಳೆಯದು, ಬಿಡುವಿನಲ್ಲಿ ನೋಡ್ರಿ, ದುಡ್ಡು ಕೊಡಬ್ಯಾಡ್ರಿ ಅಂದೆ.

ಇನ್ನೊಂದನ್ನು ನೋಡಿ ಅವರು ಮೂಗು ಮುರಿದರು. ವಯಸ್ಸಾದ ಮಾಸ್ತರರು, ಹಿಂದೆ ಸುಣ್ಣ ಬಿಟ್ಟ ಗೋಡೆ, ನಡುವೆ ಒಮ್ಮೆ ಕುಕ್ಕರ್ ಸೀಟಿ ಸೈತ ಕೇಳುತ್ತದೆ. ಮೂರನೇ ಪಾಠದಿಂದಲೇ ತಬಲಾ ಇದೆ. ಅವರು ನಾಲ್ಕು ಮಾತ್ರೆಯ ಒಂದು ಪಲ್ಟೆ ಹಾಡಿ, ನುಡಿಸಿ, "ಹೂಂ" ಅನ್ನುತ್ತಾರೆ. ಆಮೇಲೆ ನಾಲ್ಕು ಮಾತ್ರೆ ಬರೀ ತಬಲಾ. ಅದು ಕಲಿಯುವವರ ಜಾಗ. ಮತ್ತೆ ಮಾಸ್ತರರು, ಮತ್ತೆ ಖಾಲಿ. ಸ್ಟಾಪ್‌ವಾಚ್ ಹಿಡಿದರೆ ಹನ್ನೊಂದು ನಿಮಿಷದ ಪಾಠದಲ್ಲಿ ನಾಲ್ಕು ನಿಮಿಷ ಖಾಲಿ. ಪರದೆಯ ಮೇಲೆ ಮನೆ ಬೆಳಗುವುದಿಲ್ಲ, ಸ್ವರದ ಅಕ್ಷರವೂ ಕೆಲವು ಸಲ ಮಾತ್ರ. ಪ್ರತಿ ಪಾಠ ಶುರುವಾಗುವುದು ಹಿಂದಿನ ಪಾಠದ ಪಲ್ಟೆಯಿಂದ, ಅದೂ ಬೇರೊಂದು ಸಾ ಹಿಡಿದು. ಆರನೇ ಪಾಠದ ಕೊನೆಗೆ, ವಿಡಿಯೊ ಬಂದ್ ಮಾಡಿ ಮೂರು ದಿನದ ನಂತರ ನುಡಿಸಿ ರೆಕಾರ್ಡ್ ಕಳಿಸಿ, ಕೇಳಿ ಉತ್ತರ ಕೊಡುತ್ತೇನೆ ಎಂದಿತ್ತು. ಕಳಿಸಿದರು. ಐದನೇ ದಿನ ದನಿ ಸಂದೇಶ ಬಂತು: ಎರಡನೇ ಸಾಲಿನಲ್ಲಿ ಪ ಬಿಟ್ಟು ಧಕ್ಕೆ ಹೋಗುವಾಗ ಬೆರಳು ಎತ್ತುತ್ತೀರಿ, ಅದಕ್ಕೇ ನಾದ ತುಂಡಾಗುತ್ತದೆ. ಇಷ್ಟೇ. ಹೊಗಳಿಕೆ ಇಲ್ಲ, ಆದರೆ ಕೇಳಿದ್ದಾರೆ ಎಂಬುದು ಆ ಒಂದು ವಾಕ್ಯದಲ್ಲೇ ಗೊತ್ತಾಗುತ್ತದೆ. ಬಹಳ ಚೆನ್ನಾಗಿದೆ, ಮುಂದುವರಿಸಿ ಎಂದಷ್ಟೇ ಬಂದಿದ್ದರೆ ನಾನು ನಂಬುತ್ತಿರಲಿಲ್ಲ.

ಕೊಳ್ಳುವ ಮುಂಚೆ ಇನ್ನೊಂದು ಸಣ್ಣ ಪರೀಕ್ಷೆ ಮಾಡಿಸಿದೆ. ಎರಡೂ ಕೋರ್ಸಿನ ಪುಕ್ಕಟೆ ಪಾಠವನ್ನು ಮೂರು ಮೂರು ದಿನ ಅಭ್ಯಾಸ ಮಾಡಬೇಕು, ನಾಲ್ಕನೇ ದಿನ ಪೇಟಿ ಮುಟ್ಟಬಾರದು, ಐದನೇ ದಿನ ವಿಡಿಯೊ ನೋಡದೆ ತಬಲಾ ಆ್ಯಪಿನ ಜೊತೆ ನುಡಿಸಿ ರೆಕಾರ್ಡ್ ಮಾಡಬೇಕು. ಚೆಂದದ ಕೋರ್ಸಿನಿಂದ ಉಳಿದದ್ದು ಮಾತು, ಬೆರಳಿಗೆ ಏನೂ ಇಳಿದಿರಲಿಲ್ಲ. ಕುಕ್ಕರ್ ಸೀಟಿಯ ಕೋರ್ಸಿನಿಂದ ಎರಡು ಪಲ್ಟೆ ಉಳಿದಿದ್ದವು, ಲಯ ಒಂದು ಕಡೆ ಜಾರಿತ್ತು, ಆದರೆ ಜಾರಿದ ಕೂಡಲೆ ಅವರು ನಿಂತು ಸಮ್‌ಗೆ ಕಾದು ಮತ್ತೆ ಸೇರಿದ್ದರು. ರೆಕಾರ್ಡಿನಲ್ಲಿ ಆ ಕಾಯುವಿಕೆ ಸ್ಪಷ್ಟವಾಗಿ ಕೇಳುತ್ತಿತ್ತು. ನನಗೆ ಅಷ್ಟು ಸಾಕಾಯಿತು.

ಈ ಕೋರ್ಸಿನಲ್ಲೂ ಕೊರತೆ ಇತ್ತು, ಮತ್ತು ಅದನ್ನು ನಾನು ತಡವಾಗಿ ಕಂಡೆ. ಎರಡು ತಿಂಗಳಾದ ಮೇಲೆ ರೆಕಾರ್ಡ್ ಕೇಳುವಾಗ ಒಂದು ವಿಚಿತ್ರ ಕಿವಿಗೆ ಬಿತ್ತು. ಪ್ರತಿ ಸ್ವರವೂ ಮೆಲ್ಲಗೆ ಹುಟ್ಟಿ, ಉಬ್ಬಿ, ಇಳಿಯುತ್ತಿತ್ತು. ಮನೆಗೆ ಕರೆಸಿ ನೋಡಿದರೆ ಎಡಗೈ ಸ್ವರಕ್ಕೊಮ್ಮೆ ತಿದಿ ಒತ್ತುತ್ತಿತ್ತು. ಒಂದು ಸ್ವರ, ಒಂದು ಒತ್ತು. ತಿದಿ ಒತ್ತುವುದಕ್ಕೂ ಸ್ವರ ಬದಲಿಸುವುದಕ್ಕೂ ಸಂಬಂಧ ಇರಬಾರದು. ಒಳಗೆ ಗಾಳಿ ಒಂದೇ ಸಮ ತುಂಬಿರಬೇಕು, ಬಲಗೈ ಅದರ ಪಾಡಿಗೆ ಓಡಾಡಬೇಕು. ಇದನ್ನು ಯಾಕೆ ಯಾರೂ ಹೇಳಲಿಲ್ಲ ಎಂದರೆ, ಮೊದಲ ಕೋರ್ಸಿನಲ್ಲಿ ಕ್ಯಾಮರಾ ಇದ್ದದ್ದು ಬಲಗೈಯ ನೆತ್ತಿಯ ಮೇಲೆ. ಎಡಗೈ ಚೌಕಟ್ಟಿನ ಹೊರಗೆ. ಎರಡನೆಯದರಲ್ಲಿ ಮಾಸ್ತರರು ಎದುರಿಗೆ ಕೂತಿದ್ದರು, ತಿದಿ ಪೇಟಿಯ ಹಿಂದೆ ಮರೆಯಾಗಿತ್ತು. ಇಬ್ಬರೂ ಅದನ್ನು ಬೇಕಂತ ಅಡಗಿಸಿರಲಿಲ್ಲ. ಪೇಟಿಯ ಕೋರ್ಸು ನೋಡುವಾಗ ನಾನು ಈಗ ಮೊದಲು ಹುಡುಕುವುದೇ ಎಡಗೈಯನ್ನು.

ತಿದ್ದಲು ಒಂದು ತಿಂಗಳು ಬೇಕಾಯಿತು. ಸಾ ಒಂದನ್ನೇ ಒತ್ತಿ ಹಿಡಿದು, ನಾದ ಉಬ್ಬದಂತೆ ಇಳಿಯದಂತೆ ಹದಿನಾರು ಮಾತ್ರೆ ನಡೆಸುವುದು. ಆಮೇಲೆ ಅದೇ ಗಾಳಿಯಲ್ಲಿ ಸಾ ರೇ, ಸಾ ರೇ. ನಾನಿಲ್ಲದಿದ್ದರೆ ಇದು ಇನ್ನೂ ಹಾಗೇ ಇರುತ್ತಿತ್ತು ಎಂದು ಹೇಳಿಕೊಳ್ಳಲು ಮನಸ್ಸಾಗುತ್ತದೆ. ಆದರೆ ಒಂದು ಕನ್ನಡಿ ಇಟ್ಟುಕೊಂಡಿದ್ದರೂ ಅಥವಾ ಮೊಬೈಲನ್ನು ಎಡಬದಿಗೆ ಇಟ್ಟು ವಿಡಿಯೊ ತೆಗೆದು ಕಳಿಸಿದ್ದರೂ ಆ ಮಾಸ್ತರರೇ ಹಿಡಿಯುತ್ತಿದ್ದರು. ಆಡಿಯೊ ಮಾತ್ರ ಕೇಳುವ ಕೋರ್ಸಿಗೆ ಕೈಯ ತಪ್ಪು ಕಾಣುವುದಿಲ್ಲ.

ಶುರುವಿನಲ್ಲಿ ನಾನೂ ಅವರಿಗೆ, ಈ ಮೊಬೈಲ್ ಗದ್ದಲ ಬಿಡ್ರಿ, ಕ್ಲಾಸಿಗೆ ಬರ್ರಿ ಅಂದಿದ್ದೆ. "ಅಂಗಡಿ ಮುಚ್ಚೂದರಾಗ ಒಂಬತ್ತಾಗತೈತ್ರಿ. ಆಮ್ಯಾಲೆ ಧಾರವಾಡಕ್ಕ ಬಂದು ಯಾವಾಗ ಹೊಳ್ಳಿ ಹೋಗ್ಲಿ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಈಗ ತಿಂಗಳಿಗೆ ಒಂದು ರವಿವಾರ ಬರುತ್ತಾರೆ, ಉಳಿದದ್ದು ವಿಡಿಯೊ.

ಐದು ತಿಂಗಳ ನಂತರದ ಲೆಕ್ಕ ಹೀಗಿದೆ. ಹಾಡು ಮೂವತ್ತೆರಡರಿಂದ ನಾಲ್ಕಕ್ಕೆ ಇಳಿದಿವೆ, ಏಕೆಂದರೆ ಯಾವ ಸಾ ಹೇಳಿದರೂ ನುಡಿಸಲು ಬರುವುದನ್ನು ಮಾತ್ರ ಈಗ ಅವರು ಎಣಿಸುತ್ತಾರೆ. ಕೆಹರವಾದಲ್ಲಿ ಸಮ್ ತಪ್ಪಿದರೆ ಗೊತ್ತಾಗುತ್ತದೆ, ಒಂದು ಆವರ್ತನದೊಳಗೆ ಹಿಡಿಯುತ್ತಾರೆ. ನಾನು ಹಾಡಿದ ಮೂರು ಸ್ವರದ ತುಣುಕನ್ನು ಮೊದಲು ಹತ್ತಕ್ಕೆ ಎರಡು ಸಲ ಹುಡುಕುತ್ತಿದ್ದರು, ಈಗ ಏಳು ಸಲ. ರೂಪಕದ ಏಳು ಮಾತ್ರೆ ಇನ್ನೂ ಬಂದಿಲ್ಲ. ಲಯ ಏರಿದರೆ ಎಡಗೈ ಹಳೆಯ ಚಾಳಿಗೆ ಹೋಗುತ್ತದೆ. ಹೊಸ ಹಾಡನ್ನು ಕಿವಿಯಿಂದ ಇಳಿಸಿಕೊಳ್ಳಲು ವಾರಗಟ್ಟಲೆ ಹಿಡಿಯುತ್ತದೆ, ಅದು ಅವರಿಗೆ ಬೇಸರ.

ಹಳೆಯ ಕೋರ್ಸನ್ನು ಅವರು ಅಳಿಸಿಹಾಕಿರಬೇಕೆಂದು ತಿಳಿದಿದ್ದೆ. ಇಲ್ಲ. ಮೊನ್ನೆ ನೋಡಿದರೆ ಅದರಲ್ಲೊಂದು ಹಾಡು ಹಚ್ಚಿ, ಮೊಬೈಲನ್ನು ಬೋರಲು ಇಟ್ಟು, ದನಿಯಷ್ಟೇ ಕೇಳುತ್ತಾ ಬಿಳಿ ಎರಡರಲ್ಲಿ ಸಾಲು ಹುಡುಕುತ್ತಿದ್ದರು. ಗಕ್ಕೆ ಬಂದಾಗ ಬೆರಳು ಬಿಳಿ ನಾಲ್ಕರ ಮೇಲೆ ಹೋಯಿತು. ಒತ್ತಿದರು, ಮುಖ ಸಿಂಡರಿಸಿದರು, ಕರಿ ಮೂರಕ್ಕೆ ಹತ್ತಿದರು.